ಬೀಸೋ ಪದ ನುಂಗಿದ ‘ಎ’

ನನಗೆ ಓದು ಬರಹ ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡಿನಲ್ಲಿ ಮಂಚೇನಹಳ್ಳಿ, ಗೌರಿಬಿದನೂರು ಎಂದಿದ್ದರೆ ಕೂಡಿಸಿಕೊಂಡು ಓದುತ್ತೇನೆ. ಆದರೆ ರಾಗಿ ಬೀಸೋ ಪದ ಕೇಳಿ, ಬೇಸರವಾಗುವಷ್ಟು ಹೇಳುತ್ತೇನೆ. ಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಯಿತು, ರಾಗ ಮಾತ್ರ ಬಾಯಲ್ಲೇ ಇದೆ.

ಮಗನ ಮಗಳು ಒಂಬತ್ತನೇ ಕ್ಲಾಸು. ಕಬಡ್ಡಿಯಲ್ಲಿ ಅವಳನ್ನು ಹಿಡಿಯುವ ಹುಡುಗಿ ಅವರ ಸ್ಕೂಲಿನಲ್ಲಿಲ್ಲ. ಲೆಕ್ಕದಲ್ಲಿ ಮಾತ್ರ ಅವಳೇ ಸಿಕ್ಕಿಬೀಳುತ್ತಿದ್ದಳು. ಎಕ್ಸ್ ಪ್ಲಸ್ ಮೂರು, ಅದರ ವರ್ಗ ಎಷ್ಟು ಎಂದರೆ ಎಕ್ಸ್ ವರ್ಗ ಪ್ಲಸ್ ಒಂಬತ್ತು ಎಂದು ಬರೆದು ಬರುತ್ತಿದ್ದಳು. ನಡುವಿನದು ಪೂರ್ತಿ ಮಾಯ. ಮುಂದಿನ ಟೆಸ್ಟಿನಲ್ಲೂ ಹೀಗೇ ಮಾಡಿದರೆ ಸಂಜೆ ಆಟದ ಹೊತ್ತಿಗೆ ಸ್ಪೆಷಲ್ ಕ್ಲಾಸಿಗೆ ಕೂರಬೇಕು, ತಾಲ್ಲೂಕು ಟೀಮಿನ ಮಾತು ಮರೆತುಬಿಡು ಎಂದರಂತೆ ಲೆಕ್ಕದ ಮೇಡಂ. ಜೊತೆಗೆ ಒಂದು ಒಳ್ಳೆಯ ಮಾತೂ ಹೇಳಿದ್ದರು: ಸೂತ್ರ ನೆನಪಿಗೆ ನಿಲ್ಲದವರು ನಿಮಗೆ ಗೊತ್ತಿರುವ ಯಾವುದಾದರೂ ರಾಗಕ್ಕೆ ಅದನ್ನು ಕೂರಿಸಿಕೊಳ್ಳಿ.

ಅವಳು ನನ್ನ ಮುಂದೆ ಬಂದು ಕೂತಳು. ಸೂತ್ರ ಅವಳದು, ರಾಗ ನನ್ನದು. ಹೀಗೆ ಕಟ್ಟಿದೆವು:

ಎ ಬಿ ಕೂಡಿ ವರ್ಗಕ್ಕೆ ನಿಂತಾವೆ
ಎ ವರ್ಗ ಮುಂದೆ, ಬಿ ವರ್ಗ ಹಿಂದೆ
ನಡುವೆ ಎರಡು ಎ ಬಿ

ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ, ಎಲ್ಲದಕ್ಕೂ ಅದೇ ಹಾಡು. ಅವಳಪ್ಪನ ಬಾಯಿಗೂ ಬಂತು. ಅದಾದ ಮೇಲೆ ಒಂದು ದಿನ ಮೇಡಂ ಅವಳನ್ನು ಬೋರ್ಡಿಗೆ ಕರೆದರು. ಇವಳು ಗುನುಗಿಕೊಂಡು ಧೈರ್ಯವಾಗಿ ಬರೆದಿದ್ದಾಳೆ: ಎಕ್ಸ್ ವರ್ಗ ಪ್ಲಸ್ ಆರು ಪ್ಲಸ್ ಒಂಬತ್ತು. ಕೂಡಿದರೆ ಎಕ್ಸ್ ವರ್ಗ ಪ್ಲಸ್ ಹದಿನೈದು. ನಡುವಿನ ಎಕ್ಸ್ ಎಲ್ಲಿ ಹೋಯಿತು ಎಂದು ಮೇಡಂ ಕೇಳಿದರಂತೆ. ಹಿಂದಿನ ಬೆಂಚಿನವರು ನಕ್ಕರಂತೆ.

ಮನೆಗೆ ಬಂದವಳು ಬ್ಯಾಗು ಎಸೆದು, ಹಾಡೂ ಬೇಡ ಏನೂ ಬೇಡ ಎಂದಳು. ನನಗೆ ಸಿಟ್ಟು ಬಂತು. ನಮ್ಮ ಹಾಡಿನಲ್ಲಿ ಏನೂ ತಪ್ಪಿಲ್ಲ ಎಂದು ತೋರಿಸಲು ನಾನೇ ಜೋರಾಗಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

“ಅಜ್ಜಿ, ಇನ್ನೊಂದ್ಸಲ ಹೇಳು.”

ಹೇಳಿದೆ.

“ನೀನು ಎರಡೇ ಬಿ ಅಂತೀಯ ಕಣಜ್ಜಿ. ಎರಡು ಎ ಬಿ ಅನ್ಬೇಕು.”

“ಅದನ್ನೇ ಅಂದಿದ್ದು ಕಣೇ.”

“ಇಲ್ಲ. ಎಳೆಯೋವಾಗ ಎ ನುಂಗ್ಬಿಡ್ತೀಯ. ಬರೀ ಎರಡು ಬಿ ಉಳೀತದೆ. ನಾನೂ ಅದನ್ನೇ ಬರ್ದಿದೀನಿ, ಎರಡು ಮೂರ್ಲೆ ಆರು ಅಂತ.”

ಬೀಸೋ ಪದ ಹಾಗೇ ಇರುವುದು. ಕಲ್ಲು ತಿರುಗುವಾಗ ಮಾತು ಮಾತಿಗೆ ಅಂಟಿಕೊಂಡೇ ಬರುತ್ತದೆ, ಬಿಡಿಸಿ ಹೇಳಲು ಆಗುವುದಿಲ್ಲ. ನಿಲ್ಲಿಸಿ ನಿಲ್ಲಿಸಿ ಹೇಳಿ ನೋಡಿದೆವು, ರಾಗ ಕುಂಟಿತು. ಹಾಗಾದರೆ ಮಾತನ್ನೇ ಬದಲಾಯಿಸು ಎಂದೆ. ಆ ಎರಡು ಎಲ್ಲಿಂದ ಬಂತು, ಅದನ್ನಾದರೂ ಹೇಳು ಎಂದೆ.

ಅವಳು ರಂಗೋಲಿ ಪುಡಿ ತಂದು ಅಂಗಳದಲ್ಲಿ ದೊಡ್ಡ ಚೌಕ ಎಳೆದಳು. ಅದರೊಳಗೆ ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ. ಒಂದು ಮೂಲೆಯಲ್ಲಿ ದೊಡ್ಡ ಚೌಕ, ಅದು ಎ ವರ್ಗ. ಎದುರು ಮೂಲೆಯಲ್ಲಿ ಸಣ್ಣ ಚೌಕ, ಅದು ಬಿ ವರ್ಗ. ಉಳಿದದ್ದು ಎರಡು ಪಟ್ಟಿ. ಎರಡಕ್ಕೂ ಒಂದು ಬದಿ ಎ, ಇನ್ನೊಂದು ಬದಿ ಬಿ. ನನ್ನ ಕಣ್ಣಿಗೆ ಅವು ಒಂದೇ ಅಳತೆಯ ಎರಡು ಸೊಪ್ಪಿನ ಮಡಿಗಳ ಹಾಗೆ ಕಂಡವು.

“ಎರಡೂ ಒಂದೇನಾ?” ಎಂದೆ.

“ಒಂದೇ ಅಜ್ಜಿ. ಜೋಡಿ.” ಪಟ್ಟಿಗೊಂದರಂತೆ ಎಬಿ, ಎಬಿ ಎಂದು ಬೆರಳಲ್ಲಿ ಬರೆದಳು. ಆಮೇಲೆ ತಾನೇ ಹಾಡಿದಳು:

ನಡುವೆ ಎಬಿ ಎಬಿ ಜೋಡಿ

ಎಷ್ಟು ಎಳೆದರೂ ಎ ಎಲ್ಲಿಯೂ ಹೋಗಲಿಲ್ಲ. ‘ನಡುವೆ’ ಹತ್ತಿರ ಒಂದು ಉಸಿರು ನಿಲ್ಲಿಸಿದರೆ ಸಾಕು. ಕಳೆಯುವ ಸೂತ್ರಕ್ಕೂ ಅವಳೇ ಸಾಲು ಮಾಡಿಕೊಂಡಳು: ಮುಂದಿನದು, ಹಿಂದಿನದು ಕೂಡೋದೇ, ಜೋಡಿ ಮಾತ್ರ ಕಳೆಯೋದು. ನಾನು ಒಂದು ಅಕ್ಷರವೂ ಹೇಳಿಕೊಡಲಿಲ್ಲ. ಇದನ್ನು ಬೀದಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಟೆಸ್ಟಿನ ದಿನ ತುಟಿ ಅಲ್ಲಾಡಿಸುತ್ತಾ ಬರೆದಳಂತೆ. ಎಕ್ಸ್ ವರ್ಗ ಪ್ಲಸ್ ಆರು ಎಕ್ಸ್ ಪ್ಲಸ್ ಒಂಬತ್ತು. ಆ ಪಾಠದ ಲೆಕ್ಕ ಒಂದೂ ತಪ್ಪಲಿಲ್ಲ. ಮೇಡಂ ಅವಳನ್ನು ನಿಲ್ಲಿಸಿ ಇಡೀ ಕ್ಲಾಸಿಗೆ ಹಾಡಿಸಿದರು. ನಕ್ಕವರೂ ಹಾಡಿದರಂತೆ, ಹಾಡದೆ ಏನು ಮಾಡುತ್ತಾರೆ.

ಈಗ ಸಂಜೆ ಕಬಡ್ಡಿ ಹುಡುಗಿಯರು ನಮ್ಮ ಮನೆ ಮುಂದೆಯೇ ಮೈದಾನಕ್ಕೆ ಹೋಗುತ್ತಾರೆ. ಮುಂದೆ ನಮ್ಮವಳು, ಹಿಂದೆ ಉಳಿದವರು. ಮೊನ್ನೆ ಅವರಲ್ಲೊಬ್ಬಳು ಹಾಡಿಕೊಂಡು ಹೋಗುತ್ತಿದ್ದಳು. ಜಗುಲಿ ಮೇಲೆ ಕೂತು ಕಿವಿಗೊಟ್ಟೆ, ತಪ್ಪಿದರೆ ಕೂಗಿ ಹೇಳೋಣ ಎಂದು. ‘ನಡುವೆ’ ಎಂದು ಉಸಿರು ನಿಲ್ಲಿಸಿ, ‘ಜೋಡಿ’ಯನ್ನು ಉದ್ದಕ್ಕೆ ಎಳೆದಳು. ಎಳೆತ ನನ್ನದೇ.