ಬೇಡ ಅಂದ ಒಂಬತ್ತು ಹೊಡೆತ

ನನ್ನ ಯಜಮಾನರು ಗಾಲ್ಫ್ ಆಡಲು ಶುರು ಮಾಡಿದಾಗ ಅವರಿಗೆ ನಲವತ್ತು ದಾಟಿತ್ತು. ನಾನು ನಕ್ಕಿದ್ದೆ. ಶಹಾಬಾದಿನ ಬಿಸಿಲಿನಲ್ಲಿ, ಕಲ್ಲಿನ ಗಣಿಯಲ್ಲಿ ದಿನವಿಡೀ ನಿಂತು ಬರುವ ಮನುಷ್ಯ ಸಂಜೆ ಮತ್ತೆ ಕೋಲು ಹಿಡಿದು ಬಯಲಿಗೆ ಹೋಗುವುದೆಂದರೆ ನಗದೆ ಏನು ಮಾಡಲಿ? ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು ಅಂತಲೇ ಇತ್ತು. ಸಿಮೆಂಟ್ ಕಾರ್ಖಾನೆಯ ಕಾಲೊನಿಯ ಹಿಂದೆ, ಹಳೆಯ ಗಣಿಯ ಅಂಚಿನಲ್ಲಿ, ಒಂಬತ್ತು ಕುಳಿಗಳ ಒಂದು ಮೈದಾನ ಇತ್ತು. ಹುಲ್ಲು ಹೆಸರಿಗೆ ಮಾತ್ರ. ಕುಳಿಯ ಸುತ್ತ ಹಸಿರಿನ ಬದಲು ಎಣ್ಣೆ ಬೆರೆಸಿದ ಮರಳು ಹಾಸಿರುತ್ತಿದ್ದರು. ಒಂಬತ್ತನ್ನೇ ಎರಡು ಸುತ್ತು ಆಡಿದರೆ ಹದಿನೆಂಟಾಯಿತು.

ಇವರಿಗೆ ಆಟ ಕಲಿಸಿದವರು ಕಾರ್ಖಾನೆಯ ಮುಖ್ಯ ರಸಾಯನ ತಜ್ಞರು. ಧಾರವಾಡದ ಕಡೆಯವರು, ನಮಗಿಂತ ಹದಿನೈದು ವರ್ಷ ಹಿರಿಯರು. ಎಲ್ಲರಿಗೂ ಅವರು ಸಾಹೇಬರು, ನನಗೂ ಅಷ್ಟೇ. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಭಾನುವಾರ ಆಟ ಮುಗಿಸಿ ಇಬ್ಬರೂ ನಮ್ಮ ಮನೆಗೇ ಬರುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ತಿಂದಾದ ಮೇಲೆ ಆಡಿದ ಆಟವನ್ನೇ ಬಾಯಲ್ಲಿ ಇನ್ನೊಮ್ಮೆ ಆಡುವುದು.

ಹ್ಯಾಂಡಿಕ್ಯಾಪ್ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅಲ್ಲಿಯೇ. ಸಾಹೇಬರದು ಎಂಟು, ಇವರದು ಇಪ್ಪತ್ತು. ಹೆಚ್ಚು ಅಂಕ ಇದ್ದವರು ಜಾಣರು ಅಂತ ನಾನು ಅಂದುಕೊಂಡು, ಯಜಮಾನರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಸಾಹೇಬರು ನಕ್ಕು ನಕ್ಕು ಕೆಮ್ಮಿದರು.

"ಇಲ್ಲ ತಂಗಿ, ಉಲ್ಟಾ ಅದ. ಚಲೋ ಆಡೋವ್ರು ಈ ಮೈದಾನ ಇಷ್ಟು ಹೊಡೆತದಾಗ ಮುಗಿಸಬೇಕು ಅಂತ ಒಂದ್ ಲೆಕ್ಕ ಇರ್ತದ. ಅದಕ್ಕಿಂತ ನಾ ಸುಮಾರು ಎಂಟು ಹೊಡೆತ ಹೆಚ್ಚಿಗಿ ತಗೋತೀನಿ. ನಿಮ್ಮವ್ರು ಇಪ್ಪತ್ತು. ನಾವು ಹಿಂದ ಆಡಿದ ಆಟ ನೋಡಿ ಕ್ಲಬ್ಬಿನವ್ರು ಆ ಅಂಕಿ ಕೊಡ್ತಾರ. ಆಟ ಸುಧಾರಿಸಿದ್ರ ಅಂಕಿ ಇಳಿಸ್ತಾರ, ಕೆಟ್ರ ಏರಸ್ತಾರ."

"ಅದರಿಂದ ಏನಾಗ್ತದ್ರಿ?"

"ಎಲ್ಲಾರೂ ಆಡಿದ್ ಹೊಡೆತದಾಗ ತಮ್ಮ ತಮ್ಮ ಅಂಕಿ ಕಳದು ನೋಡೋದು. ನಾ ಎಂಬತ್ತು ಹೊಡೆದೆ ಅನ್ರಿ, ಎಂಟು ಕಳದ್ರ ಎಪ್ಪತ್ತೆರಡು. ಇವ್ರು ತೊಂಬತ್ತೊಂದು ಹೊಡೆದ್ರ ಇಪ್ಪತ್ತು ಕಳದು ಎಪ್ಪತ್ತೊಂದು. ಗೆದ್ದೋರು ಯಾರು?"

"ನಮ್ಮವ್ರು" ಅಂದೆ. ತವರಿನಲ್ಲಿ ಚೌಕಾಬಾರ ಆಡುವಾಗ ಸಣ್ಣ ತಂಗಿಗೆ ಒಂದು ಕಾಯಿಯನ್ನು ಮೊದಲೇ ಅರ್ಧ ದಾರಿ ದಾಟಿಸಿ ಕೊಡುತ್ತಿದ್ದೆವು. ಇಲ್ಲದಿದ್ದರೆ ನಮಗೂ ಮಜಾ ಇರುತ್ತಿರಲಿಲ್ಲ. ಅದನ್ನೇ ಹೇಳಿದೆ. "ನಿಮ್ಮ ತಲಿಗೆ ಹೋತು ನೋಡ್ರಿ, ಇವ್ರಿಗಿಂತ ಲಗೂ" ಅಂದರು ಸಾಹೇಬರು.

ಆ ವರ್ಷ ಕ್ಲಬ್ಬಿನ ಕಪ್ಪಿಗೆ ಇಬ್ಬರ ನಡುವಿನ ಪಂದ್ಯಗಳನ್ನು ಇಟ್ಟಿದ್ದರು. ಒಂದೊಂದು ಕುಳಿಯನ್ನೂ ಬೇರೆ ಬೇರೆಯಾಗಿ ಗೆಲ್ಲುವ ಆಟ. ನನ್ನ ಯಜಮಾನರು ಹೇಗೋ ಫೈನಲ್ ತಲುಪಿದರು. ಎದುರಿಗೆ ಬಂದವರು ಸಾಹೇಬರೇ. ಅವರು ಮರುತಿಂಗಳು ನಿವೃತ್ತರಾಗಿ ನಾಗಪುರದ ಮಗಳ ಮನೆಗೆ ಹೊರಡುವವರು. ಹದಿನೈದು ದಿನ ಮುಂಚಿನಿಂದಲೇ ಅವರಿಗೆ ಮದುವೆ ಮನೆಯ ಸಡಗರ. "ಭಾಳ ಮಂದಿ ಕೂಡ ಆಡೀನಿ ತಂಗಿ. ನಾನ ಕಲಿಸಿದವನ ಕೂಡ, ತಕ್ಕಡಿ ಸಮ ಮಾಡಿ, ಒಮ್ಮೆ ಆಡಿ ಹೋಗಬೇಕು" ಅಂದಿದ್ದರು.

ಸಮ ಮಾಡುವುದು ಹೇಗೆಂದೂ ಅವರೇ ಹೇಳಿದ್ದರು. ಇಬ್ಬರ ಅಂಕಿಯ ಅಂತರ ಹನ್ನೆರಡು. ಇಂಥ ಪಂದ್ಯದಲ್ಲಿ ಅದರ ಮುಕ್ಕಾಲು ಪಾಲು ಕೊಡುವುದು ಆಗಿನ ಪದ್ಧತಿ. ಅಂದರೆ ಒಂಬತ್ತು ಹೊಡೆತ. ಅವನ್ನು ಬೇಕಾದ ಕಡೆ ಬಳಸುವಂತಿಲ್ಲ. ಯಾವ ಕುಳಿ ಎಷ್ಟು ಕಠಿಣ ಎಂದು ಮೊದಲೇ ಕ್ರಮ ಹಾಕಿರುತ್ತಾರೆ. ಆ ಕ್ರಮದ ಮೊದಲ ಒಂಬತ್ತರಲ್ಲಿ ಒಂದೊಂದು. ಅಲ್ಲಿ ಇಬ್ಬರೂ ಐದೈದು ಹೊಡೆದರೆ ಇವರದು ನಾಲ್ಕು ಎಂದು ಲೆಕ್ಕ, ಕುಳಿ ಇವರಿಗೆ. ಉಳಿದ ಕಡೆ ಇದ್ದದ್ದು ಇದ್ದಂತೆ.

ಪಂದ್ಯದ ಹಿಂದಿನ ದಿನ ಸೇಡಂನಿಂದ ಭಾವ ಬಂದರು, ಯಜಮಾನರ ಅಣ್ಣ. ತೊಗರಿ ಬೆಳೆಯುವ ಮನುಷ್ಯ, ಮನಸ್ಸಿನಲ್ಲಿ ಕಪಟ ಇಲ್ಲ, ಬಾಯಿಗೆ ಬಾಗಿಲೂ ಇಲ್ಲ. ಊಟಕ್ಕೆ ಕೂತಾಗ ಯಜಮಾನರು ಇದನ್ನೆಲ್ಲ ಹುರುಪಿನಿಂದ ವಿವರಿಸಿದರು. ಭಾವ ತುತ್ತು ಹಿಡಿದುಕೊಂಡೇ ಕೇಳಿದರು. "ಅಂದ್ರ ಅವ್ರು ಬಿಟ್ಟುಕೊಡೋದು, ನೀ ಗೆಲ್ಲೋದು? ಎಂಥಾ ಗೆಲುವೋ ತಮ್ಮ ಅದು?"

ನಾನು ಚೌಕಾಬಾರದ ಮಾತು ತೆಗೆದೆ. "ಅದು ಹುಡುಗುರ ಆಟ" ಅಂದರು ಭಾವ. ಯಜಮಾನರು ಮಜ್ಜಿಗೆ ಅನ್ನ ಉಣ್ಣದೆ ಎದ್ದರು. ಆ ಮಾತು ಅವರಿಗೆ ಎಲ್ಲಿ ನಾಟಿತೆಂದು ನನಗೆ ಗೊತ್ತಾಯಿತು. ಬಿಟ್ಟಿ ಕೊಟ್ಟದ್ದನ್ನು ಕೈಯಿಂದ ಮುಟ್ಟದ ಮನೆತನ ಅವರದು; ನೆಂಟರ ಮನೆಯಲ್ಲಿ ಎರಡನೆಯ ಸಲ ಚಾ ಕುಡಿಯಲಿಕ್ಕೂ ಲೆಕ್ಕ ಹಾಕುವವರು.

ಮರುದಿನ ನಾನೂ ಮೈದಾನಕ್ಕೆ ಹೋಗಿದ್ದೆ. ಮೊದಲ ಹೊಡೆತಕ್ಕೆ ಮುಂಚೆ ಯಜಮಾನರು ಸಾಹೇಬರ ಮುಂದೆ ನಿಂತು ಹೇಳಿದರು: "ನನಗ ಹೊಡೆತ ಬ್ಯಾಡ್ರಿ. ನನ್ನ ಅಂಕಿನೂ ಎಂಟು ಅಂತ ಹಿಡೀರಿ. ಸರಿಗಿ ಸರಿ ಆಡೋಣ."

ಸಾಹೇಬರು ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಊರಿದರು. "ಸರಿಗಿ ಸರಿ ಆಡ್ಲಿಕ್ಕೇ ಅಲ್ಲೇನ್ರಿ ಅದು ಇರೋದು?"

"ಬ್ಯಾಡ್ರಿ ಸಾಹೇಬ್ರ."

ಯಾರಾದರೂ ತನ್ನ ಅಂಕಿ ಹೆಚ್ಚು ಹೇಳಿ ಆಡಿದರೆ ಆಟದಿಂದ ಹೊರಗೆ ಹಾಕುತ್ತಾರೆ. ಕಡಿಮೆ ಹೇಳಿದರೆ ನಿಯಮದ ಅಡ್ಡಿ ಇಲ್ಲ, ನಷ್ಟ ಅವನದೇ. ಸಾಹೇಬರು ಚೆಂಡು ಇಟ್ಟು ಮೊದಲ ಹೊಡೆತ ಹೊಡೆದರು.

ನನ್ನ ಯಜಮಾನರು ಅಷ್ಟು ಚೆಂದ ಆಡಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ, ಅದೇ ಹೊಟ್ಟೆ ಉರಿಸುವ ಸಂಗತಿ. ಕಠಿಣ ಕುಳಿಗಳಲ್ಲಿ ಎಷ್ಟೋ ಕಡೆ ಸಾಹೇಬರಿಗೆ ಸಮಸಮ ನಿಂತರು. ಬೇಡ ಅಂದ ಹೊಡೆತ ಇದ್ದಿದ್ದರೆ ಅವೆಲ್ಲ ಇವರವೇ. ಇಲ್ಲದ್ದಕ್ಕೆ ಅವು ಯಾರಿಗೂ ಸೇರಲಿಲ್ಲ. ಇನ್ನೂ ಎರಡು ಕುಳಿ ಬಾಕಿ ಇರುವಾಗ ಸಾಹೇಬರು ಮೂರು ಕುಳಿಗಳಿಂದ ಮುಂದಿದ್ದರು. ಅಲ್ಲಿಗೆ ಆಟ ಮುಗಿಯಿತು.

ಕೈ ಕುಲುಕಿದರು. ಜನ ಚಪ್ಪಾಳೆ ತಟ್ಟಿದರು, ಸೋತವರ ದೊಡ್ಡತನಕ್ಕೇ ಹೆಚ್ಚು. ಸಾಹೇಬರು ಕಪ್ಪನ್ನು ಹಿಡಿದು ನನ್ನ ಹತ್ತಿರ ಬಂದರು. ಮುಖ ಸಣ್ಣದಾಗಿತ್ತು. "ತಂಗಿ, ಇವತ್ತು ನಾ ಯಾರ ಕೂಡ ಆಡಿದೆ?" ಅಂದರು. ಆ ಭಾನುವಾರ ಅವರು ಊಟಕ್ಕೆ ಬರಲಿಲ್ಲ. ಮಾಡಿದ ರೊಟ್ಟಿ ಹಾಗೇ ಉಳಿಯಿತು.

ಅವರು ಹೊರಟ ದಿನ ವಾಡಿ ಜಂಕ್ಷನ್ನಿಗೆ ಕಳಿಸಲು ಹೋಗಿದ್ದೆವು. ಇಬ್ಬರೂ ಹವಾ, ಗಾಡಿ ತಡ, ನಾಗಪುರದ ಚಳಿ ಎಂದು ಏನೇನೋ ಮಾತಾಡಿದರು. ಆಟದ ಸುದ್ದಿ ಯಾರೂ ತೆಗೆಯಲಿಲ್ಲ. ಮುಂದಿನ ವರ್ಷ ಬಂದು ಆಡುತ್ತೇನೆಂದು ಸಾಹೇಬರು ಕಿಟಕಿಯಿಂದ ಹೇಳಿದರು. ಆದರೆ ಆ ವರ್ಷದ ಮಳೆಗಾಲದಲ್ಲೇ ತೀರಿಕೊಂಡರು. ಸುದ್ದಿ ಬಂದ ದಿನ ಯಜಮಾನರು ಗಣಿಗೆ ಹೋಗಲಿಲ್ಲ.

ಹತ್ತು ಹನ್ನೆರಡು ವರ್ಷ ಕಳೆದವು. ಇವರ ಮೊಣಕಾಲು ಹಿಡಿಯಿತು, ಅಂಕಿ ಹದಿನಾಲ್ಕಕ್ಕೆ ಇಳಿದದ್ದು ಮತ್ತೆ ಇಪ್ಪತ್ತೆರಡಕ್ಕೆ ಏರಿತು. ಹೊಸದಾಗಿ ಬಂದ ಒಬ್ಬ ಎಂಜಿನಿಯರ್ ಹುಲಿಯ ಹಾಗೆ ಆಡುತ್ತಿದ್ದ. ಒಂದು ಭಾನುವಾರ ಅವನ ಎದುರು ತಮ್ಮ ಪಾಲಿನ ಹೊಡೆತವನ್ನೆಲ್ಲ ತೆಗೆದುಕೊಂಡು ಆಡಿದರು. ಕೊನೆಯ ಕುಳಿಯವರೆಗೆ ಎಳೆದಾಡಿ, ಒಂದೇ ಕುಳಿಯಿಂದ ಗೆದ್ದರು. ಸೋತ ಹುಡುಗ ನಮ್ಮ ಬಾಗಿಲ ತನಕ ಬಂದು, "ಎಷ್ಟು ದಿನ ಆಗಿತ್ರಿ ಇಂಥಾ ಆಟ ಆಡಿ" ಅಂತ ನಗುತ್ತ ಹೋದ.

ಯಜಮಾನರು ಬೂಟು ಬಿಚ್ಚದೆ ಕಟ್ಟೆಯ ಮೇಲೆ ಕೂತರು. ಗೆದ್ದವರ ಮುಖವಲ್ಲ ಅದು. ನಾನು ನೀರು ತಂದುಕೊಟ್ಟೆ. ತಂಬಿಗೆ ಕೈಯಲ್ಲೇ ಇತ್ತು, ಕುಡಿಯಲಿಲ್ಲ.

"ಸಾಹೇಬ್ರು ನನ್ನ ಕೂಡ ಒಂದ್ ಸಲನೂ ಆಡ್ಲಿಲ್ಲ ನೋಡು" ಅಂದರು. "ನಾನ ಆಡಗೊಡಲಿಲ್ಲ."