ನಾನೇ ಬರೆದ ಆರನೇ ಅಂಶ

ಕೊರೊನಾ ಕಾಲದಲ್ಲಿ ನಾನು ಗಂಗಾವತಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮನೆ ಹತ್ತಿರದ ಮರಳಿ ಎಂಬ ಹಳ್ಳಿಯಲ್ಲಿ. ಸಾಲಿ ಬಂದ್ ಆಗಿ ನನ್ನ ಎಂಟನೇ ಇಯತ್ತೆಯ ಹುಡುಗರು ಫೋನಿನೊಳಗೆ ಅಂಚೆಚೀಟಿಯಷ್ಟು ಸಣ್ಣವರಾಗಿ ಕೂತಿರುತ್ತಿದ್ದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಪಡಸಾಲೆಯ ಬಾಗಿಲ ಹತ್ತಿರ ಒಂದೇ ಕಡೆ. ಅಲ್ಲಿ ನಾನು ಕುರ್ಚಿ ಹಾಕಿಕೊಂಡು ವ್ಯಾಕರಣ ಹೇಳುತ್ತಿದ್ದರೆ, ನನ್ನ ಹಿಂದೆ ನಮ್ಮವ್ವ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಅದು ನನ್ನ ತರಗತಿಯೋ ಅವಳ ಪಡಸಾಲೆಯೋ ಎಂಬುದು ಕೊನೆತನಕ ತೀರ್ಮಾನವಾಗಲಿಲ್ಲ.

ಆ ವರ್ಷ ನನಗೊಂದು ಅಂಜಿಕೆ ಇತ್ತು. ಸಾಲಿಯಲ್ಲಿ ಕನ್ನಡಕ್ಕೆ ಇಬ್ಬರು ಮಾಸ್ತರರು ಇದ್ದೆವು, ನಾನು ಮತ್ತು ನನಗಿಂತ ಕಿರಿಯ ಒಬ್ಬ. ಮಕ್ಕಳು ಕಡಿಮೆಯಾಗಿದ್ದರಿಂದ ಮುಂದಿನ ವರ್ಷಕ್ಕೆ ಒಬ್ಬರೇ ಸಾಕು ಅಂತ ಮಾತು ಹುಟ್ಟಿತ್ತು. ಯಾರು ಉಳಿಯಬೇಕು ಅನ್ನೋದು ಪ್ರಿನ್ಸಿಪಾಲರ ಕೈಯಲ್ಲಿ. ಹಿಂಗಾಗಿ ನಾನು ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಕಾಲ ಅದು.

ಇಂಥದರಲ್ಲಿ ಒಬ್ಬ ಪಾಲಕ, ತನ್ನ ಮಗಳ ಫೋನಿನಲ್ಲಿ ಕಂಡ ಇನ್ನೊಂದು ಹುಡುಗಿಯನ್ನು, ಪಾಠದ ನಡುವೆ ಬಾಯಿ ತೆಗೆದು ತೂಕಡಿಸುತ್ತಿದ್ದವಳನ್ನು, ವಿಡಿಯೋ ಹಿಡಿದು ಸ್ಟೇಟಸ್ಸಿಗೆ ಹಾಕಿಬಿಟ್ಟ. ಆ ಹುಡುಗಿಯ ಅಪ್ಪ ಸಾಲಿಯ ಗೇಟಿಗೆ ಬಂದು ಕೂತ. ಪ್ರಿನ್ಸಿಪಾಲರು ನನ್ನನ್ನು ಕರೆದು, ಪಾಲಕರಿಗೆ ನೋಟೀಸು ಕಳಿಸಬೇಕು, ಕನ್ನಡದಲ್ಲಿ ನೀವೇ ಬರೆಯಿರಿ ಎಂದರು. ತರಗತಿ ಯಾಕೆ ರೆಕಾರ್ಡ್ ಮಾಡುತ್ತೇವೆ, ಎಲ್ಲಿ ಇಡುತ್ತೇವೆ, ಯಾರು ನೋಡಬಹುದು, ಯಾವಾಗ ಅಳಿಸುತ್ತೇವೆ, ಎಲ್ಲ ಇರಬೇಕು, ಕೆಳಗೆ ಸಹಿಗೆ ಜಾಗ ಇರಬೇಕು.

ನಾನು ರಾತ್ರಿ-ಹಗಲು ಕೂತು ಬರೆದೆ. 'ಧ್ವನಿ-ದೃಶ್ಯ ಮುದ್ರಣದ ಸಂಗ್ರಹಣೆಯ ಕುರಿತು ಸಮ್ಮತಿ' ಅಂತ ಶುರು ಮಾಡಿದ್ದೆ. ಅವ್ವನಿಗೆ ಓದಿ ತೋರಿಸಿದೆ. ಅವಳು ಸಾಲಿ ಮೆಟ್ಟಿಲು ಹತ್ತಿದ್ದು ಮೂರೇ ವರ್ಷ. ಆದರೆ ನನ್ನ ಕನ್ನಡದ ಬುಡ ಅವಳ ಬಾಯಲ್ಲೇ ಇದೆ. ಪೂರ್ತಿ ಕೇಳಿ, ಒಂದು ನುಚ್ಚು ಎತ್ತಿ ಹೊರಗೆ ಎಸೆದು, "ಇದನ್ನ ಓದಿದವರು ಯಾರೋ ಸತ್ತಾರ ಅಂತ ತಿಳಕೋತಾರ" ಎಂದಳು.

ಆಮೇಲೆ ಅವಳು ಹೇಳಿದ ಹಾಗೆ ಬರೆದೆ. ಮನೆಯಲ್ಲಿ ಒಂದೇ ಫೋನಿದ್ದು ಅದನ್ನು ಅಪ್ಪ ಗದ್ದೆಗೆ ಒಯ್ದಿದ್ದರೆ, ಮಗು ಸಂಜೆ ನೋಡಲಿ ಅಂತ ಪಾಠ ರೆಕಾರ್ಡ್ ಮಾಡುತ್ತೇವೆ, ಒಂದು. ಒಪ್ಪದವರಿಗೆ ಬಲವಂತವಿಲ್ಲ, ಅವರ ಮಗು ಕ್ಯಾಮೆರಾ ಮೈಕು ಬಂದ್ ಮಾಡಿ, ಹೆಸರಿನ ಜಾಗದಲ್ಲಿ ಬರೀ ರೋಲ್ ನಂಬರ್ ಹಾಕಿ ಕೂಡಬಹುದು, ಎರಡು. ರೆಕಾರ್ಡಿಂಗು ಸಾಲಿಯ ಖಾತೆಯಲ್ಲಿ ಇರುತ್ತದೆ, ಯಾವ ಮಾಸ್ತರ ಫೋನಿನಲ್ಲೂ ಇರುವುದಿಲ್ಲ, ಮೂರು. ಆ ತರಗತಿಯ ಮಕ್ಕಳಿಗೆ ಮಾತ್ರ ಲಿಂಕು ತೆರೆಯುತ್ತದೆ, ಅದನ್ನು ಮತ್ತೆ ವಿಡಿಯೋ ಹಿಡಿಯುವುದು, ಕಳಿಸುವುದು, ಸ್ಟೇಟಸ್ಸಿಗೆ ಹಾಕುವುದು ತಪ್ಪು, ನಾಲ್ಕು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಎಲ್ಲ ಅಳಿಸುತ್ತೇವೆ, ಐದು.

ಆರನೆಯದು ನನ್ನ ಸ್ವಂತ ಬುದ್ಧಿ. ನಡುವೆ ಯಾವುದಾದರೂ ತುಣುಕು ತೆಗೆಯಬೇಕಾದರೆ, ಅದರಲ್ಲಿ ಇರುವವರು ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಅದರಲ್ಲೇನಿದೆ ಅಂತ ಪ್ರಿನ್ಸಿಪಾಲರಿಗೆ ಬರೆದು ಕೊಡಬೇಕು, ಅವರು ಕೇಳಿ ನೋಡಿ ತೀರ್ಮಾನಿಸುತ್ತಾರೆ, ಬೇರೆ ಯಾರೂ, ಶಿಕ್ಷಕರೂ ಸಹ, ಅಳಿಸುವಂತಿಲ್ಲ. ಪ್ರಿನ್ಸಿಪಾಲರು ಓದಿ ಭಾಳ ಛಲೋ ಐತ್ರಿ ಅಂದರು. 'ಶಿಕ್ಷಕರೂ ಸಹ' ಅನ್ನುವುದರ ಕೆಳಗೆ ಗೆರೆ ಎಳೆದರು.

ಪಾಲಕರು ಪಠ್ಯಪುಸ್ತಕ ಒಯ್ಯಲು ಬಂದಾಗ ನೋಟೀಸು ಕೊಟ್ಟು ಸಹಿ ಹಾಕಿಸಿಕೊಂಡೆವು. ಕೆಳಗೆ 'ಒಪ್ಪಿಗೆ ಇದೆ', 'ಇಲ್ಲ' ಅಂತ ಎರಡು ಚೌಕ. ನಮ್ಮ ಕಡೆ ಜನ ಇಲ್ಲಿತನಕ ಎಷ್ಟೋ ಫಾರ್ಮು ತುಂಬಿದ್ದಾರೆ, ರೇಷನ್ನಿಗೆ, ಸ್ಕಾಲರ್‌ಶಿಪ್ಪಿಗೆ, ಬೆಳೆ ವಿಮೆಗೆ. ಅದರಲ್ಲಿ 'ಇಲ್ಲ' ಅಂತ ಗುರುತು ಹಾಕಿದವನಿಗೆ ಏನಾದರೂ ಸಿಕ್ಕ ಉದಾಹರಣೆ ಇಲ್ಲ. ಹಿಂಗಾಗಿ ಒಬ್ಬರೂ ಇಲ್ಲ ಅನ್ನಲಿಲ್ಲ. ಏಳೆಂಟು ಜನ ಯಾತಕ್ಕೂ ಇರಲಿ ಅಂತ ಎರಡೂ ಚೌಕಕ್ಕೆ ಗುರುತು ಹಾಕಿದ್ದರು. ಅವರನ್ನು ಕೂಡಿಸಿ ತಿಳಿಸಿ ಹೇಳಿದೆ, ಇಲ್ಲ ಅಂದರೂ ಮಗುವಿನ ಪಾಠ ನಿಲ್ಲೋದಿಲ್ಲ ಅಂತ. ಎಲ್ಲ ಕೇಳಿ, 'ಇಲ್ಲ' ಅನ್ನುವುದರ ಗುರುತನ್ನು ಹೊಡೆದು ಹಾಕಿ ಹೋದರು.

ಮುಂದಿನ ವಾರವೇ ಒಬ್ಬ ಪಾಲಕ ನನಗೆ ಫೋನ್ ಮಾಡಿದ. ಮಗನ ಹಿಂದೆ ತಾನು ಟವೆಲ್ ಸುತ್ತಿಕೊಂಡು ಬಚ್ಚಲದಿಂದ ದಾಟಿದ್ದು ಬಂದುಬಿಟ್ಟಿದೆ, ಸುಮ್ಮನೆ ಅಳಿಸಿಬಿಡ್ರಿ ಮಾಸ್ತರ ಎಂದ. ನಾನು ಆರನೇ ಅಂಶ ಓದಿ ಹೇಳಿದೆ. ಪಾಪ, ದಿನ, ನಿಮಿಷ, ಟವೆಲ್ಲಿನ ಬಣ್ಣ ಸಮೇತ ಬರೆದುಕೊಟ್ಟ. ಅದನ್ನು ಕಂಪ್ಯೂಟರ್ ಟೀಚರಮ್ಮನ ಮುಂದೆ ಹೇಳಿಕೊಂಡು ನಾನು ಹೊಟ್ಟೆ ಹಿಡಿದು ನಕ್ಕಿದ್ದೆ.

ನಾಲ್ಕು ದಿನ ಹೋಗಿರಲಿಲ್ಲ. ಪಾಠದ ನಡುವೆ ನಮ್ಮ ಆಕಳ ಕರು ಹಗ್ಗ ಹರಕೊಂಡು ಓಣಿಗೆ ಬಿತ್ತು. ಎರಡು ನಿಮಿಷ ಅಂತ ಹೇಳಿ ಅದರ ಹಿಂದೆ ಓಡಿದೆ. ಅದು ಮೂರು ಓಣಿ ಸುತ್ತಿಸಿತು. ವಾಪಸ್ಸು ಬಂದಾಗ ಅವ್ವ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಫೋನಿನಲ್ಲಿ ಅಷ್ಟೂ ಹುಡುಗರು ಕ್ಯಾಮೆರಾ ತೆರೆದಿದ್ದರು. ನನ್ನ ಪಾಠಕ್ಕೆ ಅದು ಒಂದು ದಿನವೂ ಆಗಿರಲಿಲ್ಲ. ಒಬ್ಬಳು ಓಡ್ನಿಯನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಆದದ್ದೇನೆಂದರೆ, ಹುಡುಗರು ಅಜ್ಜಿಯನ್ನು ಮಾತಿಗೆ ಎಳೆದು, ನಮ್ಮ ಪ್ರಿನ್ಸಿಪಾಲ್ ಸರ್ ನಿಮ್ಮೂರಿನವರಂತಲ್ರಿ ಅಂತ ಕೇಳಿದ್ದರು. ಹೌದು, ಅವರು ಸಣ್ಣವರಿದ್ದಾಗ ಇದ್ದದ್ದು ನಮ್ಮ ಓಣಿಯಲ್ಲೇ. ಅವ್ವ ಅವರ ಮನೆಯಲ್ಲಿನ ಹೆಸರು ಹಿಡಿದೇ ಶುರು ಮಾಡಿದ್ದಳು. ಕಾಲುವೆ ಆಚೆಯ ತೋಟಕ್ಕೆ ಹೋಗಿ ಪೇರಲ ಹಣ್ಣು ಕದ್ದದ್ದು, ತೋಟದವನು ಬೆನ್ನು ಹತ್ತಿದ್ದು, ಕಾಲುವೆಗೆ ಜಿಗಿದದ್ದು, ಹಣ್ಣಿನ ಭಾರಕ್ಕೆ ಚಡ್ಡಿ ಕಳಚಿಕೊಂಡು ನೀರಿನ ಸಂಗಡ ಹೋದದ್ದು, ಮುಂದೆ ಒಂದು ಬಾಳೆ ಎಲೆ ಹಿಡಿದುಕೊಂಡು ಇಡೀ ಓಣಿ ದಾಟಿ ಬಂದದ್ದು. ಅವರ ತಾಯಿ ಬಾಗಿಲಲ್ಲಿ ನಿಂತು ಅಂದದ್ದನ್ನು ಅವರದೇ ದನಿಯಲ್ಲಿ ಅಂದು ತೋರಿಸಿದ್ದಳು: "ಊರಿಗೆಲ್ಲ ತೋರಿಸಿ ಬಂದಿ, ಈಗ ನನ್ನ ಮುಂದ ಯಾಕ ಮುಚ್ಚಗೊಂಡಿ?"

ಫೋನಿನ ಮೂಲೆಯಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕಿ ಉರಿಯುತ್ತಲೇ ಇತ್ತು.

ಸಂಜೆಗೆ ಲಿಂಕು ಹೋದರೆ, ಅಪ್ಪ ಗದ್ದೆಯಿಂದ ಬಂದು ಫೋನ್ ಕೊಡುವ ಪ್ರತಿ ಮನೆಯಲ್ಲೂ ಪ್ರಿನ್ಸಿಪಾಲರ ಚಡ್ಡಿ ತೇಲುತ್ತದೆ. ನಾನು ಟೀಚರಮ್ಮನಿಗೆ ಫೋನ್ ಹಚ್ಚಿದೆ. ತರಗತಿಗಳನ್ನೆಲ್ಲ ಸಾಲಿಯ ಖಾತೆಯಿಂದ ಶುರು ಮಾಡುವವಳು ಅವಳೇ, ರೆಕಾರ್ಡಿಂಗು ಹೋಗಿ ಬೀಳುವುದೂ ಅಲ್ಲಿಗೇ. ಏಳು ನಿಮಿಷ ಕತ್ತರಿಸಿಬಿಡಮ್ಮ ಎಂದೆ.

"ಸರ್, 'ಶಿಕ್ಷಕರೂ ಸಹ' ಅಂತ ಬರದವರು ಯಾರ್ರಿ?" ಎಂದಳು. ಆಮೇಲೆ ಕನಿಕರಪಟ್ಟು, ಮರುದಿನ ಮಧ್ಯಾಹ್ನದ ತನಕ ಲಿಂಕು ಹಾಕದೆ ತಡೆದು ಇಟ್ಟುಕೊಳ್ಳುತ್ತೇನೆ, ಅಷ್ಟರೊಳಗೆ ಅರ್ಜಿ ತರ್ರಿ ಅಂದಳು. ಟವೆಲ್ ಬಗ್ಗೆ ಅವಳು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದು ಕೇಳಿಸಿತು.

ಅರ್ಜಿಗೆ ಕೂತೆ. ಅದರಲ್ಲಿ ಇರುವವಳು ಅವ್ವ, ಸಹಿ ಅವಳದೇ ಆಗಬೇಕು. 'ವಿಷಯ' ಅನ್ನುವ ಕಡೆ ನಾನು 'ಪಠ್ಯೇತರ ಗ್ರಾಮೀಣ ಪ್ರಸಂಗ' ಅಂತ ಬರೆದೆ.

"ಚಡ್ಡಿ ಅಂತ ಬರಿ," ಅಂದಳು ಅವ್ವ. "ಯಾವುದು ತಗೀಬೇಕು ಅಂತ ಅವಗ ಗೊತ್ತಾಗಬ್ಯಾಡೇನು?"

ಅವಳಿಗೆ ನಾಚಿಕೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಸಿಟ್ಟು ಮಾತ್ರ ಇತ್ತು, ಅದೂ ನನ್ನ ಮೇಲೆ. ಊರವರನ್ನೆಲ್ಲ ಒಪ್ಪಿಗೆ ಕೇಳಿದಿ, ನಿನ್ನ ಬೆನ್ನ ಹಿಂದೆ ದಿನಾ ಕೂಡುವ ನನ್ನನ್ನು ಕೇಳಿದೇನು ಅಂದಳು. ನೋಟೀಸನ್ನು ಆರು ಸಲ ತಿದ್ದಿದ್ದೆ, ನನ್ನ ಹಿಂದಿನ ಮೊರ ಒಂದು ಸಲವೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಮೋಟರ್‌ಸೈಕಲ್ ಮೇಲೆ ಕೂಡಿಸಿಕೊಂಡು ಸಾಲಿಗೆ ಹೋದೆ. ಅವಳು ಮಾಸ್ಕಿನ ಮೇಲೆ ಸೆರಗೂ ಹೊದ್ದಿದ್ದಳು. ಪ್ರಿನ್ಸಿಪಾಲರು ಎದ್ದು ನಿಂತು ಬರ್ರಿ ಅವ್ವಾರ ಅಂದರು. ಅವಳೂ ಕುರ್ಚಿಗೆ ಮರ್ಯಾದೆ ಕೊಟ್ಟು, "ಕೂಡ್ರಿ ಸಾಹೇಬ್ರ" ಅಂದಳು. ಅರ್ಜಿ ಓದಿದರು. 'ಚಡ್ಡಿ' ಅಂತ ಬರೆದಿದ್ದ ವಿಷಯದ ಸಾಲಿಗೆ ಬಂದಾಗ ಕಣ್ಣು ನಿಂತವು. ಅವರು ಕಿರಿಯ ಕನ್ನಡ ಮಾಸ್ತರನನ್ನೇ ಇಟ್ಟುಕೊಳ್ಳುತ್ತಾರೆ ಅಂತ ನನಗೆ ಆಗಲೇ ಖಾತ್ರಿಯಾಯಿತು. ಕಿರಿಯವನ ತಾಯಿ ಕುಷ್ಟಗಿಯಲ್ಲಿದ್ದಳು, ನಮ್ಮ ಕಾಲುವೆ ನೋಡಿಯೇ ಇರಲಿಲ್ಲ.

ನೋಟೀಸಿನ ಪ್ರಕಾರ ಅವರು ಆ ತುಣುಕನ್ನು ಕೇಳಲೇಬೇಕು. ಟೀಚರಮ್ಮ ಕಂಪ್ಯೂಟರ್ ಹಚ್ಚಿ, ಅರ್ಜಿಯಲ್ಲಿ ಬರೆದಿದ್ದ ಹತ್ತು ಇಪ್ಪತ್ತಕ್ಕೆ ತಂದು ನಿಲ್ಲಿಸಿ, ಹೊರಗೆ ಹೋಗಿ ಬಾಗಿಲ ಬಳಿಯೇ ನಿಂತಳು. ಏಳು ನಿಮಿಷ ನಾನು ಗೋಡೆಯ ಮೇಲಿನ ಟೈಮ್‌ಟೇಬಲ್ ಓದಿದೆ. ಮುಗಿದ ಮೇಲೆ ಪ್ರಿನ್ಸಿಪಾಲರು ಕೆಮ್ಮಿದರು.

"ಪೇರಲ ಅಲ್ಲ ಅವ್ವಾರ. ಮಾವಿನಕಾಯಿ."

"ಮಾವಿನ ಗಿಡ ಅಲ್ಲಿ ಎಲ್ಲಿತ್ತೋ?" ಅವ್ವನ 'ಸಾಹೇಬ್ರ' ಅಲ್ಲಿಗೆ ಮುಗಿದಿತ್ತು. "ನಿನ್ನ ಚಡ್ಡಿ ಮರುದಿನ ತೂಬಿನ ಬಾಯಾಗ ಸಿಕ್ಕಿತ್ತು. ಕಿಸೆದಾಗ ಎರಡು ಪೇರಲ ಹಣ್ಣು ಹಂಗ ಇದ್ದವು. ನಾನ ಒಗದು ನಿಮ್ಮವ್ವಗ ಕೊಟ್ಟೇನಿ."

ಪ್ರಿನ್ಸಿಪಾಲರ ತಾಯಿ ತೀರಿಕೊಂಡು ಆಗಲೇ ಭಾಳ ವರ್ಷವಾಗಿತ್ತು. ಕೊನೆಗೆ, "ನಮ್ಮವ್ವ ಬೈದದ್ದು ಮಾತ್ರ ಇನ್ನೊಮ್ಮೆ ಕೇಳತೀನಿ" ಅಂತ ತಾವೇ ಹಿಂದಕ್ಕೆ ಎಳೆದು ಹಚ್ಚಿದರು. ಕೇಳಿ ಮುಗಿದ ಮೇಲೆ ಮಾಸ್ಕನ್ನು ಕಣ್ಣಿನ ತನಕ ಏರಿಸಿಕೊಂಡರು. ಅದರೊಳಗೆ ನಕ್ಕರೋ ಬೇರೇನೋ, ಗೊತ್ತಾಗಲಿಲ್ಲ.

ಆಮೇಲೆ ಟೀಚರಮ್ಮನನ್ನು ಒಳಗೆ ಕರೆದರು. ಅವಳು ಆ ಏಳು ನಿಮಿಷ ಕತ್ತರಿಸಿ, ಉಳಿದದ್ದನ್ನು ಬೇರೆ ಮಾಡಿ ಖಾತೆಗೆ ಹಾಕಿ, ಮೊದಲಿನದನ್ನು ಅಳಿಸಿದಳು. ಅಳಿಸಿದ್ದು ಖಾತೆಯ ಕಸದಬುಟ್ಟಿಯಲ್ಲಿ ಇನ್ನೂ ತಿಂಗಳು ಬಿದ್ದಿರತೈತ್ರಿ ಅಂತ ತಿಳಿಸಿದಳು. ಪ್ರಿನ್ಸಿಪಾಲರು ಒಂದು ಗಳಿಗೆ ಯೋಚಿಸಿ, ಅಲ್ಲಿಂದಲೂ ತಗೀರಿ, ಕತ್ತರಿಸೋದಕ್ಕೆ ಈ ಕಂಪ್ಯೂಟರಿಗೆ ಇಳಿಸಿಕೊಂಡದ್ದನ್ನೂ ತಗೀರಿ ಅಂದರು. ಅರ್ಜಿಯ ಮೇಲೆ 'ಅಳಿಸಲಾಗಿದೆ' ಅಂತ ಬರೆದು ಸಹಿ ಮಾಡಿದರು.

ನನ್ನ ಕಡೆ ತಿರುಗಿ, "ನಿಮ್ಮ ನೋಟೀಸಿನ್ಯಾಗ ದೊಡ್ಡ ತೂತು ಐತ್ರಿ ಮಾಸ್ತರ," ಅಂದರು. ಮಾಸ್ತರರ ಮನೆಯವರನ್ನು ಯಾರೂ ಕೇಳಿಲ್ಲ, ಏಳನೇ ಅಂಶ ಸಂಜೆಯೊಳಗೆ ಬರೆದು ತರ್ರಿ. ಮುಂದಿನ ವರ್ಷದ ನೋಟೀಸು ಬರೆಯುವಾಗ ಮೊದಲೇ ಅವ್ವಾರನ್ನು ಕೂಡಿಸಿಕೊಂಡು ಬರೀರಿ.

'ಮುಂದಿನ ವರ್ಷ' ಅನ್ನುವುದನ್ನು ನಾನು ನಮ್ಮೂರು ಮುಟ್ಟುವ ತನಕ ಮನಸ್ಸಿನಲ್ಲಿ ಹಿಂದಕ್ಕೆ ಎಳೆದು ಎಳೆದು ಕೇಳಿದೆ.

ಅವತ್ತೇ ಅವ್ವನ ಮುಂದೆ ಫಾರ್ಮು ಇಟ್ಟೆ. ಪೆನ್ನು ಹಿಡಿದು, ಎರಡೂ ಚೌಕ ನೋಡಿ, 'ಇಲ್ಲ' ಅನ್ನುವುದಕ್ಕೆ ಹಾಳೆ ಹರಿಯುವ ಹಾಗೆ ಗುರುತು ಹಾಕಿದಳು. ಇಡೀ ಸಾಲಿಗೆ ಅದೊಂದೇ 'ಇಲ್ಲ'. ಅವತ್ತಿನಿಂದ ಅವಳ ಮೊರ ಕ್ಯಾಮೆರಾಕ್ಕೆ ಕಾಣದ ಕಡೆ ಸರಿಯಿತು.

ಪಾಠ ಮುಗಿದು ಹತ್ತು ನಿಮಿಷ ಉಳಿದರೆ ಹುಡುಗರೇ ಕೇಳುತ್ತಿದ್ದರು, ಸರ್, ರೆಕಾರ್ಡಿಂಗ್ ಬಂದ್ ಮಾಡ್ರಿ. ಸಂಜೆ ಮಾತ್ರ ನೋಡುತ್ತಿದ್ದ ನಾಲ್ಕೈದು ಮಂದಿ, ಅಪ್ಪನನ್ನು ಕಾಡಿ ಫೋನು ಮನೆಯಲ್ಲೇ ಇಡಿಸಿಕೊಂಡು, ಹಗಲೇ ಬರತೊಡಗಿದ್ದರು. ನಾನು ಬಂದ್ ಮಾಡುತ್ತಿದ್ದೆ. ಅವ್ವ ಮೊರ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಮೊದಲು ಒಂದೇ ಮಾತು ಕೇಳುತ್ತಿದ್ದಳು.

"ಆ ಕೆಂಪು ಚುಕ್ಕಿ ಹೋತೇನು?"