ಚಮನಸಾಬರ ಓವರ್‌ಲಾಕ್ ಮಷೀನು

ಆಗಸ್ಟ್ ಹದಿನೈದರಂದು ಸಿಂದಗಿಯ ಖಾಸಗಿ ಶಾಲೆಯೊಂದರ ಅಂಗಳದಲ್ಲಿ ಹೆಡ್‌ಮಾಸ್ತರ ಅನೀಲಕುಮಾರ ಧ್ವಜದ ಹಗ್ಗಕ್ಕೆ ಕೈಹಾಕಲು ಬಗ್ಗಿದರು. ಪರ್ ಅಂತು. ಧ್ವಜವಲ್ಲ, ಪ್ಯಾಂಟು. ಧ್ವಜ ಏರಿತು, ಹೂವು ಉದುರಿದವು, ಮಕ್ಕಳು "ಜೈ ಹಿಂದ್" ಎಂದು ಕೂಗಿದರು. ಎಲ್ಲರೂ ನೋಡುತ್ತಿದ್ದದ್ದೂ ಹಿಂದ.

ಆ ಪ್ಯಾಂಟು ಹೊಲಿದ ಚಮನಸಾಬರು ಗೇಟಿನ ಹತ್ತಿರ ನಿಂತು ನೆಲ ನೋಡಿದರು. ಹೊಲಿಗೆಯೇನೋ ಗಟ್ಟಿಯೇ ಇತ್ತು. ಬಟ್ಟೆಯ ಅಂಚಿಗೆ ಓವರ್‌ಲಾಕ್ ಆಗಿರಲಿಲ್ಲ, ಅಷ್ಟೇ. ಅಂಚನ್ನು ಸವರಿ, ಎಳೆ ಬಿಚ್ಚದಂತೆ ಮೂರು ದಾರ ಸುತ್ತುವ ಆ ಮಷೀನು ಅವರಲ್ಲಿರಲಿಲ್ಲ. ಪಕ್ಕದ ಓಣಿಯ ಬಂದೇನವಾಜನ ಹತ್ತಿರ ಒಯ್ದು ಮಾಡಿಸುತ್ತಿದ್ದರು. ಆ ವಾರ ಅವನು ಅಂಗಡಿ ಮುಚ್ಚಿ ಬೀಗರ ಮದುವೆಗೆ ಹೋಗಿದ್ದ.

ಮರುದಿನ ಹೆಡ್‌ಮಾಸ್ತರರೇ ಚಮನಸಾಬರ ಮನೆಯ ಮುಂಗೋಣೆಯ ಅಂಗಡಿಗೆ ಬಂದರು. "ನನ್ನ ಪ್ಯಾಂಟ್ ಹೋತು, ಹೋಗ್ಲಿ ಬಿಡ್ರಿ. ಬರೂ ವರ್ಷ ಮಕ್ಕಳ ಯೂನಿಫಾರ್ಮ್ ನಿಮಗ ಕೊಡಸಬೇಕಂತ ಮಾಡೇನಿ. ಆದ್ರ ಮಷೀನ್ ನಿಮ್ಮ ಸ್ವಂತದ್ದಿರಬೇಕು."

ಮೂವತ್ತು ವರ್ಷದಿಂದ ಒಂದೊಂದೇ ಅಂಗಿ ಹೊಲಿದ ಮನುಷ್ಯನಿಗೆ ಇಡೀ ಶಾಲೆ ಒಮ್ಮೆಲೇ ಕೊರಳು ಚಾಚಿ ನಿಂತಂತಾಯಿತು. ಅಂದಿನಿಂದ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಹೊಸದೋ, ಹಳೆಯದೋ, ಬಾಡಿಗೆಯದೋ? ಹೊಸದರ ರೇಟು ವಿಜಯಪುರದಲ್ಲಿ ಕೇಳಿ, ನೀರು ಕುಡಿದು ಬಂದದ್ದಾಯಿತು. ಬಂದೇನವಾಜ ತನ್ನ ಎರಡನೇ ಮಷೀನನ್ನು ತಿಂಗಳ ಬಾಡಿಗೆಗೆ ಕೊಡಲು ತಯಾರಿದ್ದ.

"ಒಂದು ಸೀಜನ್ ಬಾಡಿಗಿ ತರ್ರಿ," ಎಂದಳು ಹೆಂಡತಿ ನಸ್ರೀನ. "ಆರ್ಡರ್ ಖರೇನ ಕೈಗೆ ಬರ್ಲಿ. ಆಮ್ಯಾಲ ಬೇಕಾದ್ರ ಖರೀದಿ ಮಾಡೂಣು."

"ಜೂನ್ ಬಂತಂದ್ರ ಅವಂಗೂ ಕೆಲಸ ಹೆಚ್ಚು. ನಡಬರಕ ವಾಪಸ್ ಕೊಡು ಅಂದ್ರ?"

"ಕಾಗದದಾಗ ಬರಸ್ಕೋರಿ."

"ಬಾಡಿಗಿ ಮಷೀನ್ ಮ್ಯಾಲ ಹೊಲಿದ್ರ, ಸ್ವಂತದ್ದಲ್ಲ ಅಂತಾರ ಹೆಡ್‌ಮಾಸ್ತರು."

"ಹೆಡ್‌ಮಾಸ್ತರು ಪ್ಯಾಂಟಿನ ಅಂಚು ನೋಡ್ತಾರೋ, ಮಷೀನಿನ ಮಾಲಕರನ್ನ ನೋಡ್ತಾರೋ?"

ಹೆಂಡತಿಯ ಮಾತಿಗೆ ಸೋತ ಗಂಡಸರು ಮಾಡುವುದನ್ನೇ ಚಮನಸಾಬರೂ ಮಾಡಿದರು. ಬೆಳಿಗ್ಗೆದ್ದು ಬಸ್ಸು ಹತ್ತಿದರು.

ಇಂಡಿಯಲ್ಲಿ ಮಹಮ್ಮದಹನೀಫ ಎಂಬ ಟೇಲರ್ ತನ್ನ ಓವರ್‌ಲಾಕ್ ಮಾರುತ್ತಿದ್ದಾನೆಂಬ ಸುದ್ದಿಯಿತ್ತು. ಸೆಕೆಂಡ್ ಹ್ಯಾಂಡ್ ನೋಡುವುದರಲ್ಲಿ ಚಮನಸಾಬರನ್ನು ಮೀರಿಸುವವರಿರಲಿಲ್ಲ. ಮಾರುವವನ ಬಟ್ಟೆಯ ಮೇಲೆ ಯಾವ ಮಷೀನಾದರೂ ಚೆಂದ ಓಡುತ್ತದೆಂದು, ತಮ್ಮದೇ ತುಂಡು ಒಯ್ದಿದ್ದರು. ತೆಳ್ಳನೆಯದು, ದಪ್ಪನೆಯದು, ನಾಲ್ಕು ಪದರ ಮಡಚಿದ್ದು. ಎಲ್ಲಿಯೂ ಹೊಲಿಗೆಯ ಟಾಕೆ ಬಿಡಲಿಲ್ಲ. ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು, ಅಲುಗಾಟವಿಲ್ಲ. ಬ್ಲೇಡು ಹರಿತವಿತ್ತು. ಎಣ್ಣೆ ನೋಡಿದರು. ಮೋಟರಿಗೆ ಕಿವಿಗೊಟ್ಟು, ಬಿಸಿಯಾಗುತ್ತದೆಯೋ ಎಂದು ಒಂದು ಚಹಾ ಮುಗಿಯುವ ತನಕ ಓಡಿಸಿದರು.

ಹನೀಫ ಹೇಳಿದ ರೇಟು ಕಡಿಮೆಯೇ ಇತ್ತು. ಇನ್ನಷ್ಟು ಕೇಳಿದರೆ ಇನ್ನಷ್ಟು ಇಳಿದ. ಟೇಬಲ್ ಪುಕ್ಕಟೆ ಕೊಟ್ಟ. ಬಿಳಿ, ನೀಲಿ ದಾರದ ಉಂಡೆಗಳನ್ನು ಚೀಲಕ್ಕೆ ತುಂಬಿದ. ಕಡೆಗೆ ಗೋಡೆಯ ಮೇಲಿನ ಕತ್ತರಿಯನ್ನೂ ಇಳಿಸಿ, "ಇದೂ ಒಯ್ಯಿರಿ ಕಾಕಾ," ಅಂದ. ತಮ್ಮ ಚೌಕಾಸಿಯ ಚಾಲಾಕಿಗೆ ಚಮನಸಾಬರು ತಾವೇ ಬೆರಗಾದರು. ಮನೆಯ ಮೇಲಿನ ಸೋರುವ ಪತ್ರಾಸಿನ ತಗಡು ಬದಲಿಸಲು ಕೂಡಿಟ್ಟ ದುಡ್ಡು ಹನೀಫನ ಕಿಸೆಗೆ ಹೋಯಿತು.

ಮೇ ತಿಂಗಳಲ್ಲಿ ಅನೀಲಕುಮಾರರು ಅಂಗಡಿಗೆ ಬಂದರು. ಕೂಡ್ರಿ ಎಂದರೂ ಕೂಡಲಿಲ್ಲ.

"ಆಡಳಿತ ಮಂಡಳಿಯವರು ಸೊಲ್ಲಾಪುರದ ಕಂಪನಿಗೆ ಕೊಟ್ಟುಬಿಟ್ರು ಚಮನಸಾಬ್. ರೆಡಿಮೇಡ್. ಗಾಡಿ ಸಾಲಿ ಬಾಗಿಲಿಗೇ ಬರ್ತೈತಿ. ನನ್ನ ಮಾತು ನಡೀಲಿಲ್ರಿ." ಹೋಗುವಾಗ ಮತ್ತೊಂದು ಮಾತು ಉದುರಿಸಿದರು. "ಹೋದ ವರ್ಷ ಇಂಡಿಯೊಳಗೂ ಹಿಂಗ ಆತಂತ."

ಹನೀಫನ ಕತ್ತರಿ ಗೋಡೆಯ ಮೇಲೆ ಬಾಯಿ ತೆರೆದು ನೇತಾಡುತ್ತಿತ್ತು.

ಒಂದು ಪ್ಯಾಂಟಿಗೋ ಎರಡಕ್ಕೋ ಓಡುತ್ತಿದ್ದ ಮಷೀನು ಉಳಿದ ಹೊತ್ತು ಬಟ್ಟೆ ಹೊದ್ದು ಕೂತಿತು. ಮಳೆ ಬಂದಾಗ ಪತ್ರಾಸು ಸರಿಯಾಗಿ ಅದರ ಮೇಲೆಯೇ ಸೋರಿತು. ಚಮನಸಾಬರು ಅದಕ್ಕೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿದರು. "ಮಾರ್ರಿ ಅದನ್ನ, ಪತ್ರಾಸರೆ ಆಗ್ಲಿ," ಎಂದು ನಸ್ರೀನ ದಿನಾ ಅನ್ನತೊಡಗಿದಳು. ಕೊಳ್ಳುವವರು ಯಾರು? ಸಿಂದಗಿಯ ಟೇಲರುಗಳೆಲ್ಲರೂ ಸೊಲ್ಲಾಪುರದ ಗಾಡಿ ನೋಡಿದವರೇ.

ಶ್ರಾವಣದಲ್ಲಿ ಯಂಕಂಚಿಯಿಂದ ಜಯಮಾಲಾ ಎಂಬ ಹುಡುಗಿ ಬಂದಳು. ಈಗಷ್ಟೇ ಟೇಲರಿಂಗ್ ಕಲಿತು ಊರಲ್ಲಿ ಅಂಗಡಿ ಇಡಬೇಕೆಂದಿದ್ದಳು. ಚೀಲದಿಂದ ತನ್ನದೇ ಬಟ್ಟೆಯ ತುಂಡು ತೆಗೆದಳು. ತೆಳ್ಳನೆಯದು, ದಪ್ಪನೆಯದು. ಮಷೀನು ಹಾಲಿನಂತೆ ಓಡಿತು. ರೇಟೂ ಒಪ್ಪಿಗೆಯಾಯಿತು. ನಸ್ರೀನ ಆಗಲೇ ಚಹಾಕ್ಕಿಟ್ಟಿದ್ದಳು. ಜಯಮಾಲಾ ಪರ್ಸಿನ ಜಿಪ್ಪು ಎಳೆದವಳು ತಡೆದಳು.

"ಎಲ್ಲಾ ಚಲೋ ಐತಿ ಕಾಕಾ. ಮತ್ತ ಯಾಕ ಮಾರಾಕತ್ತೀರಿ?"

ಒಳಗಿನಿಂದ ನಸ್ರೀನ ಜೋರಾಗಿ ಕೆಮ್ಮಿದಳು. ಚಮನಸಾಬರು ಮಷೀನಿನ ಮೇಲಿನ ನೂಲಿನ ಧೂಳು ಊದಿದರು.

"ಈ ಮಾತು ಕೇಳಲಾರದ ತಗೊಂಡಿದ್ದೆ ನೋಡವ್ವಾ, ಅದಕ್ಕ."